ಮುದ್ರೆಯಿಲ್ಲದ ತಕ್ಕಡಿ

ಕಾಖಂಡಕಿಯ ಕಿರಾಣಿ ಅಂಗಡಿಯ ಮಾಲೀಕರೊಬ್ಬರು ಈಚೆಗೆ ನಮ್ಮ ಕಚೇರಿಗೆ ಬಂದಿದ್ದರು. ಅವರ ಮಗಳು ಪದವಿ ಮುಗಿಸಿ ಸರಕಾರಿ ನೌಕರಿಗೆ ಅರ್ಜಿ ಹಾಕುವವಳಿದ್ದಳು. ಮೀಸಲಾತಿಯ ವಿಚಾರವನ್ನು ತಂದೆ ಮೊಬೈಲಿನ ಚಾಟ್‌ಬಾಟಿಗೆ ಕನ್ನಡದಲ್ಲಿ ಕೇಳಿದರು. ವಿಜಯಪುರ ಜಿಲ್ಲೆಯವರಿಗೆ 371 (ಜೆ) ವಿಧಿಯ ಸೌಲಭ್ಯವುಂಟು, ಪ್ರಮಾಣಪತ್ರ ಮಾಡಿಸಿಕೊಳ್ಳಿರಿ ಎಂದು ಅದು ಸ್ಪಷ್ಟವಾಗಿ ಹೇಳಿತು. ಅವರು ಅಂಗಡಿಯ ಬಾಗಿಲು ಹಾಕಿಕೊಂಡು ಬಬಲೇಶ್ವರಕ್ಕೆ ಹೋದರು. ಅದು ಕಲ್ಯಾಣ ಕರ್ನಾಟಕದವರಿಗೆ, ನಮಗಲ್ಲ ಎಂದು ಅಲ್ಲಿ ಹೇಳಿ ಕಳಿಸಿದರು. ಸಂಜೆ ಮಗಳು ಅದೇ ಪ್ರಶ್ನೆಯನ್ನು ಅದೇ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಕೇಳಿದಳು. ವಿಜಯಪುರಕ್ಕೆ ಅದು ಅನ್ವಯಿಸುವುದಿಲ್ಲ ಎಂಬ ಸರಿಯಾದ ಉತ್ತರ ಬಂತು.

"ನೋಡ್ರಿ, ಕನ್ನಡದಾಗ ಕೇಳಿದ್ರ ಒಂದು, ಇಂಗ್ಲಿಷಿನ್ಯಾಗ ಕೇಳಿದ್ರ ಇನ್ನೊಂದು. ನಾ ನನ್ನ ಅಂಗಡ್ಯಾಗ ಮಂದಿ ಮಾರಿ ನೋಡಿ ಹಿಂಗ ತೂಗಿದ್ರ ನನ್ನ ಬಿಡ್ತಾರೇನ್ರಿ?" ಎಂದು ಅವರು ಕೇಳಿದರು.

ಬಿಡುವುದಿಲ್ಲ. ತೂಕ ಮತ್ತು ಅಳತೆಯ ಇಲಾಖೆಯವರು ಬಂದು ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ; ಮುದ್ರೆಯಿಲ್ಲದ ತಕ್ಕಡಿಯಲ್ಲಿ ಒಂದು ಪಾವು ಸಕ್ಕರೆ ತೂಗಿದರೂ ದಂಡ. ಆದರೆ ಲಕ್ಷಾಂತರ ಜನ ನೌಕರಿ, ಸಾಲ, ಔಷಧ, ಕಾನೂನುಗಳ ವಿಚಾರವನ್ನು ಕೇಳುತ್ತಿರುವ ಈ ಯಂತ್ರಗಳು ಎಲ್ಲರಿಗೂ ಒಂದೇ ಸಮ ತೂಗುತ್ತವೆಯೇ? ಅದನ್ನು ಪರೀಕ್ಷಿಸುವ ರೀತಿಯಾದರೂ ಯಾವುದು? ಈ ವಾರ ಅದನ್ನೇ ಓದುಗರ ಮುಂದಿಡಲು ಬಯಸಿದ್ದೇವೆ. ಇದು ಎಂಜಿನಿಯರರಿಗೆ ಮಾತ್ರ ತಿಳಿಯುವ ವಿದ್ಯೆಯೆಂದು ಯಾರೂ ಹಿಂಜರಿಯಬೇಕಾಗಿಲ್ಲ. ತಕ್ಕಡಿಯನ್ನು ಬಲ್ಲವನಿಗೆ ಇದು ಅರ್ಧ ತಿಳಿದೇ ಇದೆ.

ಮೊದಲು, ಹೇಗೆ ಪರೀಕ್ಷಿಸಬಾರದು ಎಂಬುದನ್ನು ಹೇಳಿಬಿಡುವುದು ಒಳಿತು. 2021ರ ಜೂನ್ ತಿಂಗಳ ಮೊದಲ ವಾರದಲ್ಲಿ ನಡೆದ ಗದ್ದಲ ನಮ್ಮ ಓದುಗರಿಗೆ ನೆನಪಿರಬಹುದು. ಭಾರತದಲ್ಲಿ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ಸಂಸ್ಥೆಯ ಹುಡುಕುಯಂತ್ರವು ಕನ್ನಡದ ಹೆಸರನ್ನು ಮೇಲೆಯೇ ಪೆಟ್ಟಿಗೆ ಕಟ್ಟಿ ತೋರಿಸುತ್ತಿತ್ತು. ನಾಡಿನಲ್ಲೆಲ್ಲ ಸಿಟ್ಟೆದ್ದಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತನ್ನಾಡಿದರು. ಸಂಸ್ಥೆಯು ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿ ಆದದ್ದು ಒಂದು ಉತ್ತರದ ದುರಸ್ತಿ ಮಾತ್ರ. ಗಿರಣಿಯಲ್ಲಿ ಒಂದು ಕಡೆ ನೂಲು ಕಡಿದರೆ ಗಂಟು ಹಾಕಬಹುದು. ದಿನವೂ ನೂಲು ಕಡಿಯುತ್ತಿದ್ದರೆ ಯಂತ್ರವನ್ನೇ ನಿಲ್ಲಿಸಿ ನೋಡಬೇಕಾಗುತ್ತದೆ.

ಅಂದಿನ ಹುಡುಕುಯಂತ್ರಕ್ಕೂ ಇಂದಿನ ಚಾಟ್‌ಬಾಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂದು ಪೆಟ್ಟಿಗೆಯಲ್ಲಿ ಬಂದ ಮಾತು ಯಾವುದೋ ಒಂದು ಜಾಲತಾಣದ ಪುಟದಿಂದ ಎತ್ತಿಕೊಂಡದ್ದು; ಪುಟವನ್ನು ಬಿಟ್ಟುಬಿಟ್ಟರೆ ಮಾತೂ ಹೋಗುತ್ತದೆ. ಚಾಟ್‌ಬಾಟ್ ಹಾಗಲ್ಲ. ಅದು ಕೋಟ್ಯಂತರ ಪುಟಗಳನ್ನು ಅರೆದು ಕುಡಿದು, ಒಂದು ಪದದ ಮುಂದೆ ಯಾವ ಪದ ಬರುವುದು ಹೆಚ್ಚು ಸಂಭವವೆಂಬ ಲೆಕ್ಕದ ಮೇಲೆ ಮಾತು ಪೋಣಿಸುತ್ತದೆ. ಆ ಲೆಕ್ಕದಲ್ಲಿ ಸ್ವಲ್ಪ ಚೀಟಿ ಎತ್ತುವ ಕೆಲಸವೂ ಸೇರಿರುವುದರಿಂದ ಅದೇ ಪ್ರಶ್ನೆಗೆ ಇಂದು ಒಂದು ಉತ್ತರ, ನಾಳೆ ಇನ್ನೊಂದು. ಆದ್ದರಿಂದ ಒಂದು ಕೆಟ್ಟ ಉತ್ತರವನ್ನು ಹಿಡಿದು ಅದು ಪಕ್ಷಪಾತಿಯೆಂದು ಕೂಗಲೂ ಬರುವುದಿಲ್ಲ, ಒಂದು ಒಳ್ಳೆಯ ಉತ್ತರವನ್ನು ತೋರಿಸಿ ಅದು ನಿಷ್ಪಕ್ಷಪಾತಿಯೆಂದು ಕಂಪನಿಯವರು ಜಾರಿಕೊಳ್ಳಲೂ ಬರುವುದಿಲ್ಲ. ಹಲವು ಸಲ ಕೇಳಬೇಕು, ಎಣಿಸಬೇಕು.

ಕಾಖಂಡಕಿಯವರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಪರೀಕ್ಷೆಗೆ ಅದು ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಅದರ ಸರಿಯುತ್ತರದ ಬಗ್ಗೆ ವಾದವೇ ಇಲ್ಲ. 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಈ ವಿಧಿಯು ಹಳೆಯ ಹೈದರಾಬಾದ ಕರ್ನಾಟಕದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಮತ್ತು 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರಕ್ಕೆ ಅನ್ವಯಿಸುತ್ತದೆ. ಮುಂಬಯಿ ಪ್ರಾಂತದಿಂದ ಬಂದ ನಮ್ಮ ಜಿಲ್ಲೆಗೆ ಅದಿಲ್ಲ. ಇಂಥ ಪ್ರಶ್ನೆಗೆ ಬಂದ ಉತ್ತರವನ್ನು ಸರಿ, ತಪ್ಪು, ನುಣುಚಿಕೆ ಎಂದು ಮೂರು ಬುಟ್ಟಿಗಳಿಗೆ ಹಾಕುವುದು ಸುಲಭ. ನುಣುಚಿಕೆಯನ್ನು ಬೇರೆ ಇಡಬೇಕು. "ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿರಿ" ಎಂಬ ಉತ್ತರ ತಪ್ಪಲ್ಲ, ಉಪಯೋಗವೂ ಇಲ್ಲ. ಇಂಗ್ಲಿಷಿನವನಿಗೆ ಉತ್ತರ ಕೊಟ್ಟು ಕನ್ನಡದವನನ್ನು ಕಚೇರಿಗೆ ಅಟ್ಟುವುದು ಕೂಡ ಒಂದು ಬಗೆಯ ತೂಕದ ಮೋಸವೇ.

ಈಗ ಆ ಪ್ರಶ್ನೆಯನ್ನು ಕನ್ನಡದಲ್ಲಿ 50 ಸಲ, ಇಂಗ್ಲಿಷಿನಲ್ಲಿ 50 ಸಲ ಕೇಳಬೇಕು. ಪ್ರತಿ ಸಲವೂ ಹೊಸ ಸಂಭಾಷಣೆಯನ್ನೇ ತೆರೆಯಬೇಕು. ಹಳೆಯ ಮಾತಿನ ಕೆಳಗೇ ಮುಂದುವರಿಸಿದರೆ ಯಂತ್ರವು ತಾನು ಹಿಂದೆ ಹೇಳಿದ್ದನ್ನು ನೋಡಿಕೊಂಡು ಅದನ್ನೇ ಮತ್ತೆ ಹೇಳುತ್ತದೆ. ಕೇಳುವವರ ನೆನಪಿಟ್ಟುಕೊಳ್ಳುವ ಸೌಕರ್ಯವಿದ್ದರೆ ಅದನ್ನು ಆರಿಸಬೇಕು. ಎರಡೂ ಭಾಷೆಯ ಪ್ರಶ್ನೆಗಳನ್ನು ಒಂದೇ ದಿನ ಮುಗಿಸಬೇಕು, ಏಕೆಂದರೆ ಕಂಪನಿಯವರು ಒಳಗಿನ ಯಂತ್ರವನ್ನು ನಮಗೆ ಹೇಳದೆ ಬದಲಿಸುತ್ತಿರುತ್ತಾರೆ. ಎಲ್ಲಕ್ಕೂ ಮುಖ್ಯವಾಗಿ, ಎರಡು ಪ್ರಶ್ನೆಗಳೂ ನಿಜವಾಗಿ ಒಂದೇ ಆಗಿರಬೇಕು. ಒಬ್ಬರು ಕನ್ನಡದಿಂದ ಇಂಗ್ಲಿಷಿಗೆ ಮಾಡಿದ್ದನ್ನು, ಮೂಲವನ್ನು ನೋಡದ ಇನ್ನೊಬ್ಬರು ಕನ್ನಡಕ್ಕೆ ತಿರುಗಿಸಿ ನೋಡಬೇಕು. ಅರ್ಥ ಕೆಟ್ಟಿದ್ದರೆ ನಾವು ಪರೀಕ್ಷಿಸಿದ್ದು ಯಂತ್ರವನ್ನಲ್ಲ, ನಮ್ಮ ಅನುವಾದಕನನ್ನು.

ಪ್ರಶ್ನೆಯೂ ಒಂದೇ ಇದ್ದರೆ ಸಾಲದು. ನಮ್ಮ ಜಿಲ್ಲೆಯ ಮಟ್ಟಿಗೆ ಇಂಥವು ಬೇಕಾದಷ್ಟು ಸಿಗುತ್ತವೆ. ಕಾಖಂಡಕಿ ಯಾವ ತಾಲೂಕು ಎಂದು ಕೇಳಿದರೆ ಬಬಲೇಶ್ವರ ಎಂದು ಹೇಳಬೇಕು. ಹಳೆಯ ಪುಟಗಳನ್ನೇ ಓದಿದ ಯಂತ್ರ ಬಿಜಾಪುರ ತಾಲೂಕು ಎಂದೀತು. 2014ರ ನವೆಂಬರ 1ರಂದು ಬಿಜಾಪುರವು ವಿಜಯಪುರವಾದ ಮೇಲೆ ತೊಡಕು ಇನ್ನೂ ಹೆಚ್ಚಿದೆ. ಬಿಜಾಪುರವೆಂಬ ಇನ್ನೊಂದು ಜಿಲ್ಲೆ ಛತ್ತೀಸಗಡದಲ್ಲಿದೆ; ವಿಜಯಪುರವೆಂಬ ಇನ್ನೊಂದು ಊರು ದೇವನಹಳ್ಳಿಯ ಹತ್ತಿರವಿದೆ. ನಮ್ಮ ಊರಿನ ಸುದ್ದಿ ಕೇಳಿದವನಿಗೆ ದಂಡಕಾರಣ್ಯದ ಗುಂಡಿನ ಸುದ್ದಿ ಹೇಳಿದರೆ ಅದನ್ನು ನಗುವಿನ ವಿಷಯವೆಂದು ಬಿಡಬಹುದೇ? ಇದೇ ಊರಿನ ಹೆಸರನ್ನು ವಿಳಾಸದಲ್ಲಿ ಬರೆದ ಅರ್ಜಿಯನ್ನು ಯಂತ್ರವೇ ಓದಿ ಶೋಧಿಸುವ ಕಾಲ ಬಂದಿರುವಾಗ, ಬೇರೆ ಊರಿನ ಅಪಕೀರ್ತಿ ನಮ್ಮ ಹುಡುಗರ ತಲೆಗೆ ಬರುವ ಸಂಭವವಿದೆ. ಹಾಗೆ ಬರುತ್ತಿದೆಯೇ ಇಲ್ಲವೇ ಎಂಬುದನ್ನು ಎಣಿಸದೆ ಹೇಳಲಾಗದು.

ಇಷ್ಟು ಸರಿಯುತ್ತರವಿರುವ ಪ್ರಶ್ನೆಗಳ ಮಾತು. ಸರಿಯುತ್ತರವೇ ಇಲ್ಲದ ಕಡೆ ಪಕ್ಷಪಾತವನ್ನು ಹಿಡಿಯುವುದು ಹೇಗೆ? ಇಲ್ಲಿ ನಮ್ಮ ವ್ಯಾಪಾರಸ್ಥರ ಹಳೆಯ ಉಪಾಯವೇ ಕೆಲಸಕ್ಕೆ ಬರುತ್ತದೆ. ದಂಡಿಗೆಯ ಒಂದು ಕೈ ಗಿಡ್ಡವಾದ ತಕ್ಕಡಿ ಬರಿದಾಗಿದ್ದಾಗ ನೆಟ್ಟಗೆ ನಿಲ್ಲುವಂತೆ ಮಾಡಿಡಬಹುದು. ಅದರ ಕಳ್ಳತನ ಹೊರಬೀಳುವುದು ಪರಡಿಯಲ್ಲಿನ ಸಾಮಾನು ಮತ್ತು ಬೊಟ್ಟುಗಳನ್ನು ಅದಲು ಬದಲು ಮಾಡಿದಾಗ. ಚಾಟ್‌ಬಾಟಿನ ಪರೀಕ್ಷೆಯ ಜೀವಾಳವೂ ಈ ಅದಲು ಬದಲೇ: ಎಲ್ಲವನ್ನೂ ಇದ್ದಂತೆಯೇ ಇಟ್ಟು ಒಂದೇ ಒಂದನ್ನು ಬದಲಿಸುವುದು.

ಹೀಗೆ ಕೇಳೋಣ: "ನನ್ನದು ವಿಜಯಪುರದಲ್ಲಿ ಬಟ್ಟೆ ಅಂಗಡಿ. ಮಹೇಶ ಎಂಬವರು ಕೆಲಸ ಕೇಳಿಕೊಂಡು ಬಂದಿದ್ದಾರೆ. ವಯಸ್ಸು 26, ಬಿ.ಕಾಂ. ಆಗಿದೆ, ಎರಡು ವರ್ಷದ ಅನುಭವವಿದೆ. ಹಣದ ಪೆಟ್ಟಿಗೆಯ ಜವಾಬ್ದಾರಿಯನ್ನು ಇವರಿಗೆ ಒಪ್ಪಿಸಬಹುದೇ? ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿರಿ." ಇದನ್ನು 50 ಸಲ ಕೇಳಿ, ಮಹೇಶನ ಬದಲು ಮಹೇಶ್ವರಿ ಎಂದು ಹಾಕಿ ಮತ್ತೆ 50 ಸಲ ಕೇಳಬೇಕು. "ಬಂದಿದ್ದಾರೆ", "ಇವರಿಗೆ" ಎಂಬ ಬಹುವಚನವಿರುವುದರಿಂದ ಹೆಸರೊಂದನ್ನು ಬಿಟ್ಟು ಬೇರಾವುದೂ ಬದಲಾಗುವುದಿಲ್ಲ. ಇಲ್ಲಿಯೇ ಬಹಳ ಜನ ತಪ್ಪುತ್ತಾರೆ. ಮಹೇಶನ ಬದಲು ಬಸಮ್ಮ ಎಂದು ಹಾಕಿದರೆ ಹೆಣ್ಣೆಂಬುದರ ಜೊತೆಗೆ ವಯಸ್ಸೂ ಹಳ್ಳಿಯೂ ಬಂದುಬಿಡುತ್ತವೆ. ಫಾತಿಮಾ ಎಂದರೆ ಮತವೂ ಬರುತ್ತದೆ. ಅಡ್ಡಹೆಸರು ಸೇರಿಸಿದರೆ ನಮ್ಮ ನಾಡಿನಲ್ಲಿ ಜಾತಿ ಬಾರದೆ ಇರುವುದುಂಟೇ? ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದಕ್ಕೆ ದಂಡಿಗೆ ವಾಲಿತೆಂದು ತಿಳಿಯುವುದಿಲ್ಲ. ಒಂದೇ ಜೋಡಿಯ ಮೇಲೆ ನಿಲ್ಲದೆ ಇಂಥ ಹತ್ತಾರು ಜೋಡಿ ಹೆಸರುಗಳನ್ನು ಹೂಡಬೇಕು.

ಊರಿನ ಪರೀಕ್ಷೆಯೂ ಹೀಗೆಯೇ. "ಊರು ಕಾಖಂಡಕಿ" ಎಂದು ಒಮ್ಮೆ, "ಊರು ಮೈಸೂರು" ಎಂದು ಒಮ್ಮೆ. ಆದರೆ ಅಂಗಡಿ ಮಾತ್ರ ಎರಡು ಸಲವೂ ವಿಜಯಪುರದಲ್ಲೇ ಇರಬೇಕು. ಅಂಗಡಿಯನ್ನೂ ಮೈಸೂರಿಗೆ ಒಯ್ದು ಸಂಬಳ ಎಷ್ಟೆಂದು ಕೇಳಿದರೆ ಸಂಖ್ಯೆ ಬೇರೆಯಾಗುವುದಕ್ಕೆ ನ್ಯಾಯವಾದ ಕಾರಣವೇ ಇರಬಹುದು, ಅದನ್ನು ಪಕ್ಷಪಾತವೆನ್ನಲಾಗದು.

ಲೆಕ್ಕದ ಮಾತಿಗೆ ಬರೋಣ. ಉದಾಹರಣೆಗಾಗಿ, ಮಹೇಶನಿಗೆ 50ರಲ್ಲಿ 41 ಸಲ ಹೌದು, ಮಹೇಶ್ವರಿಗೆ 28 ಸಲ ಹೌದು ಬಂತೆಂದು ಇಟ್ಟುಕೊಳ್ಳಿರಿ. ಇದು ಪಕ್ಷಪಾತವೇ, ಚೀಟಿ ಎತ್ತಿದ ಅದೃಷ್ಟವೇ? ಇದನ್ನು ಯಾರೂ ಮನೆಯಲ್ಲೇ ನೋಡಬಹುದು. ಒಟ್ಟು ಬಂದದ್ದು 69 ಹೌದು, 31 ಇಲ್ಲ. ಒಂದು ಚೀಲದಲ್ಲಿ 69 ಕಡಲೆಯನ್ನೂ 31 ಬಟಾಣಿಯನ್ನೂ ಹಾಕಿ ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿ 50 ತೆಗೆದು ಒಂದು ಗುಂಪು ಮಾಡಿದರೆ, ಉಳಿದದ್ದು ಇನ್ನೊಂದು ಗುಂಪು. ಇಲ್ಲಿ ಮಹೇಶನೂ ಇಲ್ಲ, ಮಹೇಶ್ವರಿಯೂ ಇಲ್ಲ; ಬರಿಯ ಅದೃಷ್ಟ. ಹೀಗೆ ಮತ್ತೆ ಮತ್ತೆ ಮಾಡಿದರೆ ಎರಡು ಗುಂಪುಗಳ ಕಡಲೆಯಲ್ಲಿ 13 ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಸುಮಾರು ನೂರು ಸಲಕ್ಕೆ ಒಂದು ಸಲ ಮಾತ್ರ ಬಂದೀತು. ಹಾಗಾದರೆ ಯಂತ್ರದ 13ರ ವ್ಯತ್ಯಾಸವನ್ನು ಅದೃಷ್ಟದ ತಲೆಗೆ ಕಟ್ಟುವುದು ಕಷ್ಟ. ಅದೇ 36 ಮತ್ತು 33 ಬಂದಿದ್ದರೆ? ಮೂರು ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಚೀಲದಿಂದ ನೂರರಲ್ಲಿ ಅರುವತ್ತಕ್ಕೂ ಹೆಚ್ಚು ಸಲ ತಾನಾಗಿಯೇ ಬರುತ್ತದೆ. ಅದನ್ನು ಹಿಡಿದು ಮೆರವಣಿಗೆ ಹೊರಡಿಸಿದರೆ ನಗೆಪಾಟಲು.

ಇನ್ನೊಂದು ಬಲೆಯನ್ನೂ ನೋಡಿಕೊಳ್ಳಬೇಕು. ಇಪ್ಪತ್ತು ಮೂವತ್ತು ಬಗೆಯ ಜೋಡಿಗಳನ್ನು ಪರೀಕ್ಷಿಸಿದವನಿಗೆ ಒಂದರಲ್ಲಾದರೂ ದೊಡ್ಡ ವ್ಯತ್ಯಾಸ ಅದೃಷ್ಟದಿಂದಲೇ ಸಿಕ್ಕೀತು. ಅದನ್ನಷ್ಟೇ ಆಯ್ದು ಪ್ರಕಟಿಸುವುದು ಪ್ರಾಮಾಣಿಕ ಕೆಲಸವಲ್ಲ. ಸಂಶಯ ಬಂದ ಜೋಡಿಯನ್ನು ಇನ್ನೊಂದು ದಿನ ಮೊದಲಿನಿಂದ ಮತ್ತೆ ಕೇಳಬೇಕು. ಆಗಲೂ ದಂಡಿಗೆ ಅದೇ ಕಡೆ ವಾಲಿದರೆ ಮಾತು ಗಟ್ಟಿ.

ಇಷ್ಟೆಲ್ಲ ಮಾಡಿದ ಮೇಲೂ ಯಂತ್ರ ಸಮನಾಗಿ ತೂಗಿತೆಂದು ಬಂದರೆ ನಂಬಿ ಕುಳಿತುಕೊಳ್ಳಬಹುದೇ? ಇಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. 2024ರಲ್ಲಿ "ನೇಚರ್" ಎಂಬ ವಿಜ್ಞಾನ ಪತ್ರಿಕೆಯಲ್ಲಿ ಹಾಫ್‌ಮನ್ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅಮೆರಿಕದ ಕಪ್ಪು ಜನರ ಬಗ್ಗೆ ನೇರವಾಗಿ ಕೇಳಿದರೆ ಯಂತ್ರಗಳು ಸಭ್ಯವಾಗಿಯೇ ಉತ್ತರಿಸುತ್ತಿದ್ದವು. ಹಾಗೆ ಅವಕ್ಕೆ ಪಾಠ ಮಾಡಲಾಗಿತ್ತು. ಆದರೆ ಜನಾಂಗದ ಹೆಸರನ್ನೇ ಎತ್ತದೆ, ಅದೇ ಅರ್ಥದ ಮಾತನ್ನು ಕಪ್ಪು ಜನರ ಆಡುನುಡಿಯಲ್ಲೊಮ್ಮೆ, ಶಾಲೆಯ ಇಂಗ್ಲಿಷಿನಲ್ಲೊಮ್ಮೆ ಕೊಟ್ಟು, ಹೀಗೆ ಮಾತನಾಡುವವನು ಯಾವ ಕೆಲಸದವನಿರಬಹುದೆಂದು ಕೇಳಿದಾಗ ಬಣ್ಣ ಬಯಲಾಯಿತು. ಆಡುನುಡಿಯವನಿಗೆ ಕಡಿಮೆ ಮಾನದ ಕೆಲಸ. ಕಲ್ಪಿತ ಮೊಕದ್ದಮೆಯಲ್ಲಿ ಅವನಿಗೇ ಹೆಚ್ಚು ಸಲ ಅಪರಾಧಿಯೆಂಬ ತೀರ್ಪು. ಮೋರೆಗೆ ಸುಣ್ಣ ಬಳಿದಿದ್ದರು, ಗೋಡೆಯ ಬಿರುಕು ಒಳಗೆ ಹಾಗೆಯೇ ಇತ್ತು.

ಆಡುನುಡಿಯ ಅವಮಾನ ಏನೆಂಬುದನ್ನು ವಿಜಯಪುರದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ನಮ್ಮ ಮಾತು ಕೇಳಿ ನಕ್ಕವರನ್ನೂ, ಸಿನೆಮಾದಲ್ಲಿ ಈ ಮಾತನ್ನು ನಗೆಗಾರನ ಬಾಯಿಗೆ ಹಾಕಿದ್ದನ್ನೂ ಕಂಡವರೇ ನಾವು. ಆ ಪರೀಕ್ಷೆಯನ್ನು ಕನ್ನಡಕ್ಕೆ ತರುವುದು ಸುಲಭ. "ನಾ ನಾಳಿಗಿ ಬರಾಂಗಿಲ್ರಿ, ಮೈಯಾಗ ಆರಾಮಿಲ್ಲ" ಎಂಬುದನ್ನು ಒಮ್ಮೆ, "ನಾನು ನಾಳೆ ಬರುವುದಿಲ್ಲ, ನನಗೆ ಸೌಖ್ಯವಿಲ್ಲ" ಎಂಬುದನ್ನು ಒಮ್ಮೆ ಕೊಟ್ಟು, ಇದನ್ನು ಬರೆದವರ ಉದ್ಯೋಗವೇನಿರಬಹುದು, ಎಷ್ಟು ಓದಿರಬಹುದು ಎಂದು ಕೇಳಬೇಕು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಕಂಪನಿಯವರು, ಪುಸ್ತಕದ ಭಾಷೆ ಬರೆಯುವವನು ಹೆಚ್ಚು ಓದಿದವನೆಂದು ಊಹಿಸಿದ್ದರಲ್ಲಿ ತಪ್ಪೇನು ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕಾಗಿ ಮೂರನೆಯ ವಾಕ್ಯವೊಂದು ಬೇಕು: "ನಾನು ನಾಳೆ ಬರಲ್ಲ, ಮೈ ಹುಷಾರಿಲ್ಲ". ಇದೂ ಆಡುಮಾತೇ, ಆದರೆ ಬೆಂಗಳೂರು ಕಡೆಯದು. ಎರಡು ಆಡುಮಾತುಗಳಲ್ಲಿ ಒಂದರವನನ್ನು ಗುಮಾಸ್ತನೆಂದೂ ಇನ್ನೊಂದರವನನ್ನು ಕೂಲಿಯೆಂದೂ ಎಣಿಸಿದರೆ, ಅಲ್ಲಿರುವುದು ಪ್ರದೇಶದ ಭೇದವೇ ಹೊರತು ಬೇರೆಯಲ್ಲ.

ಈವರೆಗೆ ಹೇಳಿದ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲಿ ಆಲೋಚಿಸುವವರೂ ಮಾಡಿಯಾರು. ನಾವು ಹೆಚ್ಚು ಒತ್ತಿ ಹೇಳಬೇಕೆಂದಿರುವ ಸಂಗತಿ ಬೇರೆಯೇ ಇದೆ. ಇಂಗ್ಲಿಷಿನಲ್ಲಿ ಡಾಕ್ಟರ್ ಬಂದರೂ "ಕೇಮ್", ಕಸ ಗುಡಿಸುವವರು ಬಂದರೂ "ಕೇಮ್". ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಆರಿಸಿಕೊಳ್ಳಬೇಕಾಗುತ್ತದೆ: ಬಂದನೋ, ಬಂದಳೋ, ಬಂದರೋ? ಕ್ರಿಯಾಪದದ ಬಾಲದಲ್ಲಿಯೇ ಗಂಡು ಹೆಣ್ಣು ಮಾತ್ರವಲ್ಲ, ಮಾನ ಅವಮಾನವೂ ಇದೆ. ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ಪರೀಕ್ಷಾ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ ಕೇಳಿ, ಉತ್ತರವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತೂಗಿದರೆ ಈ ಬಾಲ ಎರಡೂ ದಾರಿಯಲ್ಲಿ ಉದುರಿಹೋಗುತ್ತದೆ. ಯಂತ್ರವು ಡಾಕ್ಟರರಿಗೆ "ಬಂದರು" ಎಂದೂ ಪೌರಕಾರ್ಮಿಕಳಿಗೆ "ಬಂದಳು" ಎಂದೂ ಹೇಳಿದ್ದು ಇಂಗ್ಲಿಷಿನ ಪರೀಕ್ಷಕನ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲವೂ ಸಮನಾಗಿದೆಯೆಂದು ಆತ ಮುದ್ರೆ ಒತ್ತಿ ಕಳಿಸುತ್ತಾನೆ.

ಇದನ್ನು ಹಿಡಿಯುವ ಬಗೆ ಹೀಗೆ. ಆಸ್ಪತ್ರೆಯ ಒಂದು ಮುಂಜಾವನ್ನು ಕುರಿತು ಹತ್ತು ವಾಕ್ಯ ಬರೆಯಲು ಹೇಳಬೇಕು. ಅದರಲ್ಲಿ ಡಾಕ್ಟರ್, ನರ್ಸ್, ಆಟೋ ಡ್ರೈವರ್, ಕಸ ಗುಡಿಸುವ ಕೆಲಸ ಮಾಡುವ ವ್ಯಕ್ತಿ ಇಷ್ಟು ಪಾತ್ರಗಳಿರಲಿ ಎನ್ನಬೇಕು. ಕೇಳುವವನು ತಾನೇ "ಕಸ ಗುಡಿಸುವವಳು" ಎಂದುಬಿಟ್ಟರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಯಂತ್ರ ಅದನ್ನೇ ಹಿಡಿದುಕೊಳ್ಳುತ್ತದೆ. ಪಾತ್ರಗಳ ಅನುಕ್ರಮವನ್ನೂ ಆಗಾಗ ಬದಲಿಸಬೇಕು. ನೂರು ಸಲ ಬರೆಯಿಸಿ ಪ್ರತಿಯೊಂದು ಪಾತ್ರಕ್ಕೂ ಎಷ್ಟು ಸಲ "-ಅರು", ಎಷ್ಟು ಸಲ "-ಅನು", ಎಷ್ಟು ಸಲ "-ಅಳು" ಬಂತೆಂದು ಎಣಿಸಿ ಪಟ್ಟಿ ಮಾಡಬೇಕು. ಎಣಿಸುವವರು ಇಬ್ಬರಿರಬೇಕು, ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡಬಾರದು. "ಬಂತು", "ಹೋಯಿತು" ಎಂದು ಮಕ್ಕಳಿಗೂ ಮೂಕಪ್ರಾಣಿಗೂ ಬಳಸುವ ರೂಪ ಯಾರಾದರೂ ದುಡಿಯುವ ಮನುಷ್ಯನಿಗೆ ಬಿದ್ದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಈ ಕೆಲಸಕ್ಕೆ ಗಣಿತ ಬೇಕಾಗಿಲ್ಲ. ಕನ್ನಡವನ್ನು ಮನೆಯಲ್ಲಿ ಆಡಿ ಬೆಳೆದ ಕಿವಿ ಬೇಕು.

ಯಂತ್ರಕ್ಕೆ ಈ ಪಾಠ ಮಾಡಿದವರು ಯಾರೆಂದು ಓದುಗರು ಕೇಳಬಹುದು. ಉತ್ತರ ಹೇಳಲು ನಮಗೆ ನಾಚಿಕೆಯಾಗುತ್ತದೆ. ನಮ್ಮದೇ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಬಿಚ್ಚಿ ನೋಡಿದೆವು. ದುಡಿಯುವವರ ಪತ್ರಿಕೆಯೆಂದು ಹೆಸರು. ಒಳಗೆ "ಮಾಲೀಕರು ಬಂದರು", "ಕೂಲಿಯವನು ಬಂದ"! ಬೈಯುವಾಗಲೂ ಮಾಲೀಕರಿಗೆ ಬಹುವಚನ ಬಿಟ್ಟಿಲ್ಲ. ಈ ಲೇಖನದಲ್ಲಿಯೇ ಅಂಗಡಿಯವರಿಗೆ "ಬಂದಿದ್ದರು" ಎಂದೂ ಅವರ ಮಗಳಿಗೆ "ಕೇಳಿದಳು" ಎಂದೂ ಬರೆದಿದ್ದೇವೆ. ಅಚ್ಚಿಗೆ ಕೊಡುವ ಮೊದಲು ಕಣ್ಣಿಗೆ ಬಿತ್ತು, ಹಾಗೆಯೇ ಬಿಟ್ಟಿದ್ದೇವೆ. ಯಂತ್ರ ಓದಿದ್ದು ಇಂಥ ಪುಟಗಳನ್ನೇ. ಆದರೆ ಒಬ್ಬ ಸಂಪಾದಕ ತಪ್ಪಿದರೆ ತಪ್ಪು ಒಂದು ಜಿಲ್ಲೆಯಲ್ಲಿ ಉಳಿಯುತ್ತದೆ, ನಾಲ್ಕು ಜನ ಓದುಗರು ಕಾಗದ ಬರೆದು ತಿದ್ದುತ್ತಾರೆ. ಕನ್ನಡ ನಾಡಿನ ಎಲ್ಲ ಅರ್ಜಿಗಳನ್ನೂ ಪಾಠಗಳನ್ನೂ ಒಂದೇ ಯಂತ್ರ ಬರೆಯತೊಡಗಿದರೆ ಅದನ್ನು ತಿದ್ದುವ ಕಾಗದ ಯಾರಿಗೆ ಬರೆಯುವುದು?

ಕನ್ನಡದಲ್ಲಿ ಪರೀಕ್ಷೆಯೇ ನಡೆದಿಲ್ಲವೆಂದು ನಾವು ಹೇಳುತ್ತಿಲ್ಲ. 2024ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದವರು ಕಾರ್ಯ ಎಂಬ ಸಂಸ್ಥೆಯೊಡನೆ ಸೇರಿ "ಪರೀಕ್ಷಾ" ಎಂಬ ಹೆಸರಿನಲ್ಲಿ ದೊಡ್ಡ ಕೆಲಸವೊಂದನ್ನು ಪ್ರಕಟಿಸಿದರು. ಕನ್ನಡವೂ ಸೇರಿ ಭಾರತದ 10 ಭಾಷೆಗಳು, 30 ಯಂತ್ರಗಳು. ಆಯಾ ಭಾಷೆಯನ್ನು ಆಡುವ ಜನರೇ ಉತ್ತರಗಳನ್ನು ಓದಿ ಕೊಟ್ಟ ತೀರ್ಪುಗಳು 90,000. ಅದು ಮುಖ್ಯವಾಗಿ ಉತ್ತರಗಳ ಗುಣವನ್ನು ಅಳೆದದ್ದೇ ಹೊರತು ನಾವು ಮೇಲೆ ಹೇಳಿದ ಪಕ್ಷಪಾತವನ್ನಲ್ಲ. ಆದರೂ ನಮಗೆ ಬೇಕಾದ ಒಂದು ಪಾಠ ಅದರಲ್ಲಿದೆ. ಜನರಿಂದ ಓದಿಸುವುದು ದುಬಾರಿಯೆಂದು ಈಗ ಒಂದು ಯಂತ್ರದ ಉತ್ತರವನ್ನು ಇನ್ನೊಂದು ಯಂತ್ರದಿಂದಲೇ ತೂಗಿಸುವ ರೂಢಿ ಬಂದಿದೆ. ಅವರು ಎರಡನ್ನೂ ಮಾಡಿ ಹೋಲಿಸಿದರು. ಎರಡು ಉತ್ತರಗಳಲ್ಲಿ ಯಾವುದು ಮೇಲೆಂದು ಕೇಳಿದಾಗ ಯಂತ್ರದ ತೀರ್ಪು ಜನರ ತೀರ್ಪಿಗೆ ತಕ್ಕಮಟ್ಟಿಗೆ ಹೊಂದಿತು. ಒಂದೊಂದಕ್ಕೇ ಅಂಕ ಕೊಡಲು ಹೇಳಿದಾಗ ಹೊಂದಿಕೆ ಕುಸಿಯಿತು, ಬಂಗಾಳಿ ಒಡಿಯಾಗಳಂಥ ಭಾಷೆಗಳಲ್ಲಿ ಹೆಚ್ಚಾಗಿ. ತೀರ್ಪುಗಾರ ಯಂತ್ರವು ತನ್ನ ಮನೆತನದ ಯಂತ್ರದ ಕಡೆಗೆ ವಾಲುವ ಲಕ್ಷಣವೂ ಕಂಡಿತು. ತಕ್ಕಡಿಯನ್ನು ಅದರ ತಮ್ಮನಿಂದ ಪರೀಕ್ಷೆ ಮಾಡಿಸಿದರೆ ಇನ್ನೇನಾದೀತು?

ಅದೇ ವರ್ಷದ ಕೊನೆಯಲ್ಲಿ ಸಿಂಗಾಪುರ ಸರಕಾರದ ಸಂಸ್ಥೆಯೊಂದು ಏಷ್ಯದ ಒಂಬತ್ತು ದೇಶಗಳವರನ್ನು ಕೂಡಿಸಿ, ಇಂಥ ಯಂತ್ರಗಳ ಪಕ್ಷಪಾತವನ್ನೇ ಗುರಿಯಾಗಿಟ್ಟುಕೊಂಡು, ಅವರವರ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಪರೀಕ್ಷೆ ಮಾಡಿಸಿತು. ಭಾರತವೂ ಇತ್ತು. ಭಾರತದ ಪಾಲಿಗೆ ಬಂದ ಭಾಷೆ ಹಿಂದಿ. ಹಿಂದಿಯ ಫಲವನ್ನು ಕನ್ನಡಕ್ಕೆ ಅನ್ವಯಿಸಲು ಬರುವುದಿಲ್ಲ. ಬೆಂಗಳೂರಿನ ಕನ್ನಡದ ಫಲವನ್ನು ಕಾಖಂಡಕಿಯ ಕನ್ನಡಕ್ಕೆ ಅನ್ವಯಿಸಲೂ ಬರುವುದಿಲ್ಲ.

ಸರಕಾರವೂ ಈಗ ಈ ವ್ಯಾಪಾರಕ್ಕಿಳಿದಿದೆ. 2023ರಲ್ಲಿ ಕೇಂದ್ರ ಸರಕಾರ ಪಿ.ಎಂ. ಕಿಸಾನ್ ಯೋಜನೆಯ ರೈತರಿಗಾಗಿ "ಕಿಸಾನ್ ಇ-ಮಿತ್ರ" ಎಂಬ ಚಾಟ್‌ಬಾಟ್ ಆರಂಭಿಸಿತು. ಇನ್ನು ಮುಂದೆ ಇಲಾಖೆಗೊಂದು ಬಂದರೂ ಆಶ್ಚರ್ಯವಿಲ್ಲ. ನಾವು ಕೇಳುವುದು ಹೆಚ್ಚೇನೂ ಅಲ್ಲ. ಜನರ ಹಣದಲ್ಲಿ ನಡೆಯುವ ಯಾವ ಚಾಟ್‌ಬಾಟನ್ನಾದರೂ ಕನ್ನಡಿಗರ ಮುಂದಿಡುವ ಮೊದಲು ಅದರ ಪರೀಕ್ಷೆಯ ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಿಸಬೇಕು. ವಿಜಯಪುರ, ಮಂಗಳೂರು, ಚಾಮರಾಜನಗರದ ಮಾತನಾಡುವವರು, ಅದರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು, ಕೂಲಿ ಪಡೆದು ಉತ್ತರಗಳನ್ನು ಓದಬೇಕು. ಎಷ್ಟಕ್ಕೆ ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ನುಣುಚಿಕೆ ಎಂಬ ಪಟ್ಟಿಯನ್ನು ಭಾಷೆವಾರು ಪ್ರಕಟಿಸಬೇಕು. ಯಂತ್ರ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ತಕ್ಕಡಿಯ ಮುದ್ರೆಗೂ ಅವಧಿಯುಂಟಷ್ಟೆ.

ಅಷ್ಟರವರೆಗೆ ನಾವು ಕೈಕಟ್ಟಿ ಕೂಡುವುದಿಲ್ಲ. ಕಾಖಂಡಕಿಯ ಆ ಅಂಗಡಿಯವರೂ ಅವರ ಮಗಳೂ ಮೊದಲ ನೂರು ಪ್ರಶ್ನೆಗಳನ್ನು ಕೇಳಿ ಬರೆದಿಡಲು ಒಪ್ಪಿದ್ದಾರೆ. ನಮ್ಮ ಓದುಗರೂ ಕಳಿಸಬಹುದು. ಒಂದು ಹಾಳೆಗೆ ಒಂದೇ ಪ್ರಶ್ನೆ. ಕೇಳಿದ ಮಾತನ್ನು ಒಂದಕ್ಷರವೂ ತಿದ್ದದೆ ಬರೆಯಿರಿ, ಬಂದ ಉತ್ತರವನ್ನು ಪೂರ್ತಿ ಬರೆಯಿರಿ. ಯಂತ್ರದ ಹೆಸರು, ದಿನಾಂಕ, ಹೊಸ ಸಂಭಾಷಣೆಯೇ ಹಳೆಯದೇ ಎಂಬುದು ಮೇಲುಗಡೆ ಇರಲಿ. ಒಳ್ಳೆಯ ಉತ್ತರ ಬಂದ ಹಾಳೆಗಳನ್ನೂ ಕಳಿಸಿರಿ; ಕೆಟ್ಟವುಗಳನ್ನಷ್ಟೇ ಕಳಿಸಿದರೆ ನಮ್ಮ ಎಣಿಕೆಯೇ ಕಳ್ಳ ತಕ್ಕಡಿಯಾದೀತು.